ಎಲ್‌ಎಲ್‌ಬಿ ಮುಗಿದ ಮೇಲೆ ಕೋರ್ಟಿನಲ್ಲಿ ನಿಲ್ಲುವವರೆಗೆ: ಸನ್ನದು ಮತ್ತು ವೃತ್ತಿ ಪ್ರಮಾಣಪತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾನೂನು ಪದವಿಯ ಫಲಿತಾಂಶ ಬಂದ ವಾರದಿಂದಲೇ ನಮ್ಮ ಕಚೇರಿಯ ಫೋನಿಗೆ ಒಂದೇ ಬಗೆಯ ಕರೆಗಳು ಬರತೊಡಗುತ್ತವೆ. ಕೇಳುವವರು ಬೇರೆ ಬೇರೆಯಾದರೂ ಗೊಂದಲ ಮಾತ್ರ ಒಂದೇ: ಪದವಿ, ಸನ್ನದು, ವೃತ್ತಿ ಪ್ರಮಾಣಪತ್ರ ಈ ಮೂರೂ ಬೇರೆ ಬೇರೆ ಕಾಗದಗಳು, ಮೂರನ್ನೂ ಕೊಡುವವರು ಬೇರೆ ಬೇರೆ, ಮೂರರ ಕೆಲಸವೂ ಬೇರೆ ಎಂಬುದನ್ನು ಕಾಲೇಜಿನಲ್ಲಿ ಯಾರೂ ಬಿಡಿಸಿ ಹೇಳಿರುವುದಿಲ್ಲ. ಕರ್ನಾಟಕದಲ್ಲಿ ವಕೀಲಿ ಆರಂಭಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಉತ್ತರಗಳನ್ನು ಬರೆದಿದ್ದೇನೆ.

ಎಲ್‌ಎಲ್‌ಬಿ ಪಾಸಾಗಿದೆ. ನಾನು ಈಗ ವಕೀಲನೇ?

ಅಲ್ಲ. ನೀವು ಕಾನೂನು ಪದವೀಧರರು. 1961ರ ವಕೀಲರ ಅಧಿನಿಯಮದ 29 ಮತ್ತು 33ನೇ ಕಲಮುಗಳನ್ನು ಒಟ್ಟಿಗೆ ಓದಿದರೆ, ನ್ಯಾಯಾಲಯದಲ್ಲಿ ವೃತ್ತಿ ನಡೆಸುವ ಹಕ್ಕು ರಾಜ್ಯ ವಕೀಲರ ಪರಿಷತ್ತಿನ ಪಟ್ಟಿಯಲ್ಲಿ ಹೆಸರಿರುವವರಿಗೆ ಮಾತ್ರ ಸೇರಿದ್ದು ಎಂಬುದು ಸ್ಪಷ್ಟವಾಗುತ್ತದೆ. ಹಕ್ಕಿಲ್ಲದೆ ವೃತ್ತಿ ನಡೆಸಿದರೆ 45ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಶಿಕ್ಷೆ ವಿಧಿಸಬಹುದು.

ಹಾಗಾದರೆ ಫಲಿತಾಂಶ ಬಂದು ಸನ್ನದು ಕೈಗೆ ಸಿಗುವವರೆಗಿನ ತಿಂಗಳುಗಳಲ್ಲಿ ಏನು ಮಾಡಬಹುದು? ಸೀನಿಯರ್ ಕಚೇರಿಗೆ ಹೋಗಬಹುದು, ದಾವೆ, ಆಕ್ಷೇಪಣೆಗಳ ಕರಡು ಬರೆದುಕೊಡಬಹುದು, ಡೈರಿ ನೋಡಿಕೊಳ್ಳಬಹುದು, ಕೋರ್ಟಿನ ಹಿಂದಿನ ಸಾಲಿನಲ್ಲಿ ಕುಳಿತು ಕಲಾಪ ನೋಡಿ ಮುಂದಿನ ತಾರೀಕು ಬರೆದುಕೊಂಡು ಬರಬಹುದು. ಆದರೆ ಪ್ರಕರಣ ಕೂಗಿದಾಗ ಎದ್ದು ನಿಂತು, ‘ಸೀನಿಯರ್ ಮೇಲಿನ ಕೋರ್ಟಿನಲ್ಲಿದ್ದಾರೆ, ಸ್ವಲ್ಪ ಹೊತ್ತು ಬಿಟ್ಟು ಕರೆಯಬೇಕು’ ಎಂದು ಕೇಳುವುದು ಕೂಡ ಹಾಜರಾತಿಯೇ. ಎಷ್ಟೋ ಕಚೇರಿಗಳಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, ‘ನಿಮ್ಮ ಎನ್‌ರೋಲ್‌ಮೆಂಟ್ ನಂಬರ್ ಎಷ್ಟು?’ ಎಂದು ಕೇಳಿದ ಕ್ಷಣದಲ್ಲಿ ಅದು ಹಗುರವಾಗಿ ಉಳಿಯುವುದಿಲ್ಲ.

ಈ ಮೂರು ಕಾಗದಗಳನ್ನು ಕೊಡುವವರು ಯಾರು?

ಪದವಿಯನ್ನು ವಿಶ್ವವಿದ್ಯಾಲಯ ಕೊಡುತ್ತದೆ. ಕರ್ನಾಟಕದ ಬಹುಪಾಲು ಕಾಲೇಜುಗಳವರಿಗೆ ಅದು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ. ನೋಂದಣಿ ಪ್ರಮಾಣಪತ್ರ, ಅಂದರೆ ನಾವೆಲ್ಲ ಸನ್ನದು ಎಂದು ಕರೆಯುವ ಕಾಗದ, ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಿಂದ ಬರುತ್ತದೆ. ವೃತ್ತಿ ಪ್ರಮಾಣಪತ್ರವನ್ನು, ಆಡುಮಾತಿನಲ್ಲಿ ಸಿಒಪಿ ಎನ್ನುವುದನ್ನು, ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾದವರಿಗೆ ದೆಹಲಿಯ ಭಾರತೀಯ ವಕೀಲರ ಪರಿಷತ್ತು ಕೊಡುತ್ತದೆ. ಸನ್ನದು ನಿಮ್ಮನ್ನು ವಕೀಲರ ಪಟ್ಟಿಗೆ ಸೇರಿಸುತ್ತದೆ. ಆ ಪಟ್ಟಿಯಲ್ಲಿದ್ದುಕೊಂಡು ಎರಡು ವರ್ಷದ ಆಚೆಗೂ ವೃತ್ತಿ ಮುಂದುವರಿಸಲು ಸಿಒಪಿ ಬೇಕಾಗುತ್ತದೆ. ವಕೀಲರ ಸಂಘದ ಸದಸ್ಯತ್ವ ಈ ಮೂರರಲ್ಲಿ ಯಾವುದೂ ಅಲ್ಲ. ತಾಲ್ಲೂಕು ಅಥವಾ ಜಿಲ್ಲಾ ಸಂಘದ ಗುರುತಿನ ಚೀಟಿ ಕೋರ್ಟಿನಲ್ಲಿ ನಿಲ್ಲುವ ಹಕ್ಕನ್ನು ಕೊಡುವುದಿಲ್ಲ.

ನೋಂದಣಿಗೆ ಅರ್ಹತೆ ಏನು?

24ನೇ ಕಲಮಿನ ಪ್ರಕಾರ ಅರ್ಜಿದಾರರು ಭಾರತದ ನಾಗರಿಕರಾಗಿರಬೇಕು, 21 ವರ್ಷ ತುಂಬಿರಬೇಕು, ಭಾರತೀಯ ವಕೀಲರ ಪರಿಷತ್ತು ಮಾನ್ಯ ಮಾಡಿದ ಕಾನೂನು ಪದವಿ ಪಡೆದಿರಬೇಕು. ವಯಸ್ಸಿಗೆ ಮೇಲ್ಮಿತಿ ಇಲ್ಲ. 45 ದಾಟಿದವರನ್ನು ನೋಂದಾಯಿಸಬಾರದು ಎಂದು ಹಿಂದೊಮ್ಮೆ ಮಾಡಿದ್ದ ನಿಯಮವನ್ನು ಸುಪ್ರೀಂ ಕೋರ್ಟು 1995ರಲ್ಲಿ ರದ್ದು ಮಾಡಿತು. ನಿವೃತ್ತಿಯ ನಂತರ ಕರಿ ಕೋಟು ತೊಡುವವರನ್ನು ಈಗ ಪ್ರತಿ ಕೋರ್ಟಿನಲ್ಲೂ ಕಾಣಬಹುದು.

ತೊಡಕು ಹೆಚ್ಚಾಗಿ ಬರುವುದು ಕಾನೂನು ಪದವಿಗಿಂತ ಹಿಂದಿನ ಓದಿನಲ್ಲಿ. ಮೂರು ವರ್ಷದ ಎಲ್‌ಎಲ್‌ಬಿಗೆ ಆಧಾರವಾದ ಪದವಿಯನ್ನು, ಪಿಯುಸಿ ಓದದೆಯೇ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಪಡೆದವರು 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಕಾನೂನು ಕೋರ್ಸಿಗೆ ಸೇರಲು ಅರ್ಹರಲ್ಲ. ಹತ್ತನೆಯ ತರಗತಿ, ಪಿಯುಸಿ, ಪದವಿ ಎಂಬ ಕ್ರಮದಲ್ಲಿ ಓದಿ, ಪದವಿಯನ್ನು ಮಾತ್ರ ದೂರಶಿಕ್ಷಣದಲ್ಲಿ ಪಡೆದವರಿಗೆ ಈ ಅಡ್ಡಿ ಇಲ್ಲ. ಕಾಲೇಜು ಪ್ರವೇಶ ಕೊಟ್ಟಿತ್ತು, ವಿಶ್ವವಿದ್ಯಾಲಯ ಪದವಿಯನ್ನೂ ಕೊಟ್ಟಿತು ಎಂಬುದು ಪರಿಷತ್ತಿನ ಮುಂದೆ ಪೂರ್ಣ ಉತ್ತರವಾಗುವುದಿಲ್ಲ, ಏಕೆಂದರೆ ಪರಿಷತ್ತು ಹತ್ತನೆಯ ತರಗತಿಯಿಂದ ಮೊದಲು ಮಾಡಿ ಪ್ರತಿ ಮೆಟ್ಟಿಲನ್ನೂ ತಾನೇ ನೋಡುತ್ತದೆ.

ಯಾವ ದಾಖಲೆಗಳು ಬೇಕು? ಅರ್ಜಿ ಹಿಂದಿರುಗುವುದು ಏಕೆ?

ಅರ್ಜಿಯ ಜೊತೆ ಕೊಡುವ ಪಟ್ಟಿಯನ್ನೇ ಅಂತಿಮ ಎಂದು ತಿಳಿಯಿರಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ಜನ್ಮದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಮೂರು ವರ್ಷದ ಕೋರ್ಸಿನವರಾದರೆ ಮೊದಲ ಪದವಿಯ ದಾಖಲೆಗಳು, ಕಾನೂನು ಪದವಿಯ ಎಲ್ಲಾ ಸೆಮಿಸ್ಟರುಗಳ ಅಂಕಪಟ್ಟಿ, ಪದವಿ ಪ್ರಮಾಣಪತ್ರ ಅಥವಾ ಘಟಿಕೋತ್ಸವ ಆಗಿರದಿದ್ದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರ, ನಡತೆ ಪ್ರಮಾಣಪತ್ರ, ಭಾವಚಿತ್ರ, ವಿಳಾಸದ ಪುರಾವೆ, ಮೀಸಲು ಶುಲ್ಕ ಕೋರುವವರಿಗೆ ಜಾತಿ ಪ್ರಮಾಣಪತ್ರ ಮತ್ತು ಸ್ಟಾಂಪ್ ಕಾಗದದ ಮೇಲೆ ಬರೆದ ಪ್ರಮಾಣಿತ ಹೇಳಿಕೆ.

ಅರ್ಜಿ ಹಿಂದಿರುಗುವುದು ಕಾಗದ ಇಲ್ಲದ್ದರಿಂದ ಅಲ್ಲ, ಕಾಗದಗಳು ಒಂದಕ್ಕೊಂದು ಹೊಂದದೆ ಇರುವುದರಿಂದ. ನಮ್ಮ ಕಚೇರಿಗೆ ಸೇರಿದ ಜೂನಿಯರ್ ಒಬ್ಬರ ಕಡತ ಈಗಲೂ ನನ್ನ ಕಣ್ಣ ಮುಂದಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮೊದಲಿತ್ತು. ಪಿಯುಸಿಯಲ್ಲಿ ಅದು ಹೆಸರಿನ ಕೊನೆಗೆ ಹೋಗಿತ್ತು. ಆಧಾರ್‌ನಲ್ಲಿ ಇನಿಷಿಯಲ್ ಮಾಯವಾಗಿ ತಂದೆಯ ಪೂರ್ಣ ಹೆಸರು ಸೇರಿಕೊಂಡಿತ್ತು, ಕಾನೂನು ಪದವಿಯ ಅಂಕಪಟ್ಟಿಯಲ್ಲಿ ಹೆಸರಿನೊಳಗೆ ಒಂದು ‘ಎಚ್’ ಅಕ್ಷರ ಹೆಚ್ಚಾಗಿತ್ತು. ಮನೆಯಲ್ಲಿ ಕೂಗುವ ಹೆಸರು ಒಂದೇ ಆದರೂ ಕಾಗದದ ಮೇಲೆ ಅಲ್ಲಿ ನಾಲ್ಕು ಜನರಿದ್ದರು. ನಾಲ್ಕೂ ರೂಪಗಳನ್ನು ಬರೆದು, ಯಾವ ದಾಖಲೆಯಲ್ಲಿ ಯಾವುದಿದೆ ಎಂದು ಹೇಳಿ, ಇವೆಲ್ಲ ಒಬ್ಬರೇ ವ್ಯಕ್ತಿಯವು ಎಂದು ನೋಟರಿಯ ಮುಂದೆ ಪ್ರಮಾಣಿಸಿದ ಅಫಿಡವಿಟ್‌ನಿಂದ ಇನಿಷಿಯಲ್‌ನ ಗೊಂದಲ ಬಗೆಹರಿಯಿತು. ಆದರೆ ಆ ಹೆಚ್ಚಿನ ಅಕ್ಷರವನ್ನು ವಿಶ್ವವಿದ್ಯಾಲಯದಲ್ಲೇ ತಿದ್ದಿಸಿಕೊಂಡು ಬರಬೇಕಾಯಿತು. ಅಫಿಡವಿಟ್ ವಿವರಣೆ ಕೊಡಬಲ್ಲದೇ ಹೊರತು ತಪ್ಪಾಗಿ ಅಚ್ಚಾದ ಪದವಿ ಪತ್ರವನ್ನು ತಿದ್ದಲಾರದು.

ಆದ್ದರಿಂದ ಕೊನೆಯ ಸೆಮಿಸ್ಟರಿನಲ್ಲಿರುವಾಗಲೇ ಎಲ್ಲಾ ದಾಖಲೆಗಳನ್ನೂ ಮೇಜಿನ ಮೇಲೆ ಹರಡಿ, ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ಸನ್ನದಿನಲ್ಲಿ ಬರುವ ಹೆಸರೇ ಮುಂದೆ ಸಿಒಪಿಯಲ್ಲಿ, ವಕಾಲತ್ತಿನಲ್ಲಿ, ಇ-ಫೈಲಿಂಗ್ ಖಾತೆಯಲ್ಲಿ ಬರುತ್ತದೆ. ಮದುವೆಯ ನಂತರ ಹೆಸರು ಬದಲಿಸಿಕೊಂಡ ಹೆಣ್ಣುಮಕ್ಕಳು ಓದಿನ ದಾಖಲೆಗಳಲ್ಲಿರುವ ಹೆಸರಿನಲ್ಲೇ ನೋಂದಣಿ ಮಾಡಿಸಿಕೊಳ್ಳುವುದು ಮುಂದಿನ ಓಡಾಟವನ್ನು ಕಡಿಮೆ ಮಾಡುತ್ತದೆ ಎಂಬುದು ನನ್ನ ಅನುಭವ.

ಶುಲ್ಕ ಎಷ್ಟು? ಒಬ್ಬೊಬ್ಬರು ಒಂದೊಂದು ಮೊತ್ತ ಹೇಳುತ್ತಾರೆ.

ಕಾನೂನಿನಲ್ಲಿ ಇರುವ ಮೊತ್ತ ಇಷ್ಟೇ: ರಾಜ್ಯ ಪರಿಷತ್ತಿಗೆ 600 ರೂಪಾಯಿ, ಭಾರತೀಯ ವಕೀಲರ ಪರಿಷತ್ತಿಗೆ 150 ರೂಪಾಯಿ, ಒಟ್ಟು 750. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಕ್ರಮವಾಗಿ 100 ಮತ್ತು 25, ಒಟ್ಟು 125 ರೂಪಾಯಿ. ಇದರ ಜೊತೆಗೆ ಸ್ಟಾಂಪ್ ಶುಲ್ಕ ಅನ್ವಯಿಸಿದರೆ ಅದು ಮಾತ್ರ ಬೇರೆ.

ಹಳಬರು ಸಾವಿರಗಳ ಲೆಕ್ಕ ಹೇಳುವುದರಲ್ಲಿ ಸುಳ್ಳಿಲ್ಲ. ಗ್ರಂಥಾಲಯ, ಕಲ್ಯಾಣ ನಿಧಿ, ತರಬೇತಿ, ಗುರುತಿನ ಚೀಟಿ, ಪರಿಶೀಲನೆ ಎಂಬ ಹೆಸರುಗಳಲ್ಲಿ ದೇಶದ ಬೇರೆ ಬೇರೆ ಪರಿಷತ್ತುಗಳು ಸುಮಾರು 15,000ದಿಂದ 42,000 ರೂಪಾಯಿವರೆಗೆ ಪಡೆಯುತ್ತಿದ್ದವು. 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 24ನೇ ಕಲಮಿನಲ್ಲಿ ಸಂಸತ್ತು ಹೇಳಿರುವುದಕ್ಕಿಂತ ಹೆಚ್ಚಿನ ಹಣವನ್ನು ನೋಂದಣಿಯ ಷರತ್ತಾಗಿ ಕೇಳುವಂತಿಲ್ಲ ಎಂದಿತು. ಆ ತೀರ್ಪು ಮುಂದಿನ ನೋಂದಣಿಗಳಿಗೆ ಮಾತ್ರ ಅನ್ವಯಿಸುವುದರಿಂದ ಮೊದಲೇ ಕಟ್ಟಿದ ಹೆಚ್ಚುವರಿ ಹಣ ಹಿಂದಿರುಗುವುದಿಲ್ಲ. ಆಮೇಲೂ ‘ಐಚ್ಛಿಕ’ ಎಂಬ ಹೆಸರಿನಲ್ಲಿ ಹಣ ಪಡೆಯುವ ವಿಚಾರ ನಮ್ಮ ರಾಜ್ಯದ ಪರಿಷತ್ತಿಗೆ ಸಂಬಂಧಿಸಿದಂತೆಯೇ ಸುಪ್ರೀಂ ಕೋರ್ಟಿನ ಮುಂದೆ ಹೋಯಿತು. 2025ರ ಆಗಸ್ಟ್‌ನಲ್ಲಿ ನ್ಯಾಯಾಲಯ, ಐಚ್ಛಿಕ ಎಂಬುದೇ ಇಲ್ಲ, ಹಾಗೆ ಪಡೆಯುತ್ತಿದ್ದರೆ ನಿಲ್ಲಿಸಬೇಕು ಎಂದು ಆದೇಶಿಸಿತು.

ವಕೀಲರ ಕಲ್ಯಾಣ ನಿಧಿಯ ಸದಸ್ಯತ್ವವನ್ನು ಇದರೊಂದಿಗೆ ಬೆರೆಸಬೇಡಿ. ಅದು 1983ರ ಕರ್ನಾಟಕದ ಪ್ರತ್ಯೇಕ ಅಧಿನಿಯಮದ ಯೋಜನೆ. ಅದಕ್ಕೆ ಸೇರುವುದು ಒಳ್ಳೆಯದೇ, ಆದರೆ ಅದು ಸನ್ನದಿಗೆ ಷರತ್ತಲ್ಲ. ಯಾವ ಹಣ ಕಟ್ಟಿದರೂ ಯಾವ ಬಾಬ್ತಿಗೆ ಎಂದು ಬರೆದ ರಸೀದಿ ಕೇಳಿ ಪಡೆಯಿರಿ.

ನಾನು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಸನ್ನದು ಪಡೆದು ಇಟ್ಟುಕೊಳ್ಳಬಹುದೇ?

ಪೂರ್ಣಾವಧಿ ಸಂಬಳದ ನೌಕರಿಯಲ್ಲಿ ಇರುವವರು ವಕೀಲಿ ನಡೆಸುವಂತಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ 49ನೇ ನಿಯಮ ಹೇಳುತ್ತದೆ. ಇದು ಸರ್ಕಾರಿ, ಖಾಸಗಿ ಎರಡಕ್ಕೂ ಅನ್ವಯಿಸುತ್ತದೆ. ಅರ್ಜಿಯಲ್ಲಿ ನೀವು ನೌಕರಿಯಲ್ಲಿಲ್ಲ ಎಂದು ಪ್ರಮಾಣಿಸಿ ಸಹಿ ಹಾಕುತ್ತೀರಿ. ಆ ದಿನ ಸಂಬಳ ಪಡೆಯುತ್ತಿದ್ದರೆ ಅದು ಸುಳ್ಳು ಪ್ರಮಾಣ. ಮೊದಲು ರಾಜೀನಾಮೆ ಕೊಟ್ಟು, ಬಿಡುಗಡೆ ಪತ್ರ ಪಡೆದು, ಆಮೇಲೆ ಅರ್ಜಿ ಹಾಕಿ. ಸನ್ನದು ಬಂದ ಮೇಲೆ ನೌಕರಿ ಹಿಡಿದರೆ ಪರಿಷತ್ತಿಗೆ ತಿಳಿಸಿ, ನೌಕರಿ ಇರುವಷ್ಟು ಕಾಲ ವೃತ್ತಿ ನಿಲ್ಲಿಸಬೇಕು. ಕಾನೂನು ಕಾಲೇಜಿನಲ್ಲಿ ದಿನಕ್ಕೆ ಮೂರು ಗಂಟೆ ಮೀರದಂತೆ ಪಾಠ ಹೇಳುವುದಕ್ಕೆ ವಿನಾಯಿತಿ ಇದೆ.

ಕಾಲೇಜಿನಲ್ಲಿದ್ದಾಗ ನನ್ನ ಮೇಲೆ ಒಂದು ಪೊಲೀಸ್ ಪ್ರಕರಣ ಆಗಿತ್ತು. ಹೇಳಬೇಕೇ?

ಹೇಳಬೇಕು. 24ಎ ಕಲಮಿನಡಿ ಅನರ್ಹತೆ ಉಂಟುಮಾಡುವುದು ಕೇವಲ ಪ್ರಕರಣವಲ್ಲ. ನೈತಿಕ ಅಧಃಪತನದ ಅಪರಾಧಕ್ಕೆ ಅಥವಾ ಅಸ್ಪೃಶ್ಯತೆ ಆಚರಣೆಗೆ ಸಂಬಂಧಿಸಿದ ಅಪರಾಧಕ್ಕೆ ಶಿಕ್ಷೆ ಆಗಿದ್ದರೆ, ಇಲ್ಲವೇ ನೈತಿಕ ಅಧಃಪತನದ ಆರೋಪದ ಮೇಲೆ ಸರ್ಕಾರಿ ಸೇವೆಯಿಂದ ವಜಾ ಆಗಿದ್ದರೆ ಅನರ್ಹತೆ ಬರುತ್ತದೆ, ಅದೂ ಬಿಡುಗಡೆ ಅಥವಾ ವಜಾ ಆದ ಎರಡು ವರ್ಷದ ನಂತರ ತೀರುತ್ತದೆ. ಗಣೇಶನ ಮೆರವಣಿಗೆಯಲ್ಲಾದ ತಳ್ಳಾಟದ ಪ್ರಕರಣ ಬಾಕಿ ಇದೆ ಎಂದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ.

ಮುಚ್ಚಿಟ್ಟರೆ ಮಾತ್ರ ಅಪಾಯ ದೊಡ್ಡದು. ಮುಖ್ಯ ಸಂಗತಿಯನ್ನು ತಪ್ಪಾಗಿ ಹೇಳಿ ನೋಂದಣಿ ಪಡೆದವರ ಹೆಸರನ್ನು ಪಟ್ಟಿಯಿಂದ ತೆಗೆಯುವ ಅಧಿಕಾರ 26ನೇ ಕಲಮಿನಡಿ ಭಾರತೀಯ ವಕೀಲರ ಪರಿಷತ್ತಿಗೆ ಇದೆ. ಪ್ರಕರಣದ ಸಂಖ್ಯೆ, ಠಾಣೆ, ಈಗಿನ ಹಂತ ಬರೆದು, ಖುಲಾಸೆ ಆಗಿದ್ದರೆ ತೀರ್ಪಿನ ದೃಢೀಕೃತ ನಕಲು ಲಗತ್ತಿಸಿ. ಹತ್ತು ವರ್ಷದ ನಂತರ ಎದುರು ಕಕ್ಷಿದಾರರೊಬ್ಬರು ಈ ವಿಷಯ ಹುಡುಕಿ ತೆಗೆದು ದೂರು ಕೊಡುವುದಕ್ಕಿಂತ, ಇಂದೇ ನೀವೇ ಬರೆದುಕೊಡುವುದು ನೆಮ್ಮದಿ.

ಅರ್ಜಿ ಕೊಟ್ಟ ಮೇಲೆ ಏನಾಗುತ್ತದೆ?

ಪರಿಷತ್ತಿನ ನೋಂದಣಿ ಸಮಿತಿ ಅರ್ಜಿಯನ್ನು ಪರಿಶೀಲಿಸುತ್ತದೆ. ಒಪ್ಪಿಗೆಯಾದರೆ ನಿಗದಿಯಾದ ದಿನ ಖುದ್ದಾಗಿ ಹಾಜರಾಗಿ ಪ್ರತಿಜ್ಞೆ ಸ್ವೀಕರಿಸಬೇಕು. ಸಮಿತಿ ತಿರಸ್ಕರಿಸಲು ಹೊರಟರೆ ತಾನೇ ನಿರ್ಧರಿಸಿ ಮುಗಿಸುವಂತಿಲ್ಲ. ಕಾರಣ ಸಹಿತ ಭಾರತೀಯ ವಕೀಲರ ಪರಿಷತ್ತಿಗೆ ಕಳುಹಿಸಿ ಅದರ ಅಭಿಪ್ರಾಯದಂತೆ ನಡೆಯಬೇಕು. ಪದವಿ ಪತ್ರಗಳನ್ನು ವಿಶ್ವವಿದ್ಯಾಲಯಕ್ಕೆ ಕಳುಹಿಸಿ ಅಸಲಿಯೇ ಎಂದು ಖಚಿತಪಡಿಸಿಕೊಳ್ಳುವ ಕೆಲಸವೂ ನಡೆಯುತ್ತದೆ. ನಕಲಿ ಪದವಿಗಳ ಹಾವಳಿಯ ಹಿನ್ನೆಲೆಯಲ್ಲಿ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ವಕೀಲರ ಪದವಿ ಪರಿಶೀಲನೆಗೆ ಉನ್ನತ ಸಮಿತಿ ನೇಮಿಸಿ, ಇದಕ್ಕೆ ವಿಶ್ವವಿದ್ಯಾಲಯಗಳು ಶುಲ್ಕ ಕೇಳಬಾರದು ಎಂದು ಹೇಳಿತು.

ಸನ್ನದು ಕೈಗೆ ಬಂದ ಕೂಡಲೇ ಭಾವಚಿತ್ರಕ್ಕೆ ನಿಲ್ಲುವ ಮೊದಲು ಎರಡು ವಿಷಯ ನೋಡಿ. ಹೆಸರಿನ ಅಕ್ಷರಗಳು ಸರಿ ಇವೆಯೇ, ನೋಂದಣಿ ಸಂಖ್ಯೆ ಮತ್ತು ದಿನಾಂಕ ಸ್ಪಷ್ಟವಾಗಿವೆಯೇ. KAR ಎಂದು ಶುರುವಾಗಿ ಕ್ರಮಸಂಖ್ಯೆ ಮತ್ತು ವರ್ಷ ಇರುವ ಆ ಸಂಖ್ಯೆ ಇನ್ನು ಮುಂದೆ ನಿಮ್ಮ ಪ್ರತಿ ಸಹಿಯ ಕೆಳಗೂ ಇರುತ್ತದೆ, ಆ ದಿನಾಂಕದಿಂದಲೇ ನಿಮ್ಮ ಎರಡು ವರ್ಷದ ಗಡುವು ಓಡಲು ಶುರುವಾಗುತ್ತದೆ.

ಎರಡು ವರ್ಷದ ಗಡುವು ಎಂದರೇನು?

2009–10ರ ಶೈಕ್ಷಣಿಕ ವರ್ಷದಿಂದ ಈಚೆಗೆ ಕಾನೂನು ಪದವಿ ಪಡೆದವರೆಲ್ಲರೂ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ನೋಂದಣಿಯ ಸಮಯದಲ್ಲೇ, ಎರಡು ವರ್ಷದೊಳಗೆ ಪರೀಕ್ಷೆ ಪಾಸಾಗುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡುತ್ತೀರಿ. ಆ ಎರಡು ವರ್ಷ ನೀವು ತಾತ್ಕಾಲಿಕ ನೆಲೆಯಲ್ಲಿ ಪೂರ್ಣ ವಕೀಲರೇ: ವಕಾಲತ್ತು ಹಾಕಬಹುದು, ವಾದ ಮಾಡಬಹುದು, ಪಾಟಿ ಸವಾಲು ಮಾಡಬಹುದು.

ಗಡುವನ್ನು ಪದವಿಯ ದಿನದಿಂದ ಲೆಕ್ಕ ಹಾಕುವುದು ಮೊದಲ ತಪ್ಪು, ಪರೀಕ್ಷೆಗಳ ನಡುವಿನ ಅಂತರವನ್ನು ಮರೆಯುವುದು ಎರಡನೆಯ ತಪ್ಪು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾವೇರಿಯ ಪದವೀಧರೆಯೊಬ್ಬರು 2024ರಲ್ಲಿ ಪದವಿ ಮುಗಿಸಿ 2025ರ ಫೆಬ್ರುವರಿ 21ರಂದು ಸನ್ನದು ಪಡೆದರು ಎನ್ನಿ. ಅವರ ಗಡುವು 2027ರ ಫೆಬ್ರುವರಿ 20ರವರೆಗೆ. ಹತ್ತೊಂಬತ್ತನೆಯ ಪರೀಕ್ಷೆ 2024ರ ಡಿಸೆಂಬರ್ 22ರಂದೇ ಮುಗಿದಿತ್ತು, ಇಪ್ಪತ್ತನೆಯದು ನಡೆದದ್ದು 2025ರ ನವೆಂಬರ್ 30ರಂದು. ಅಂದರೆ ಮೊದಲ ಅವಕಾಶ ಬರುವ ಹೊತ್ತಿಗೆ ಒಂಬತ್ತು ತಿಂಗಳು ಕಳೆದಿದ್ದವು. ‘ಇನ್ನೂ ಸಮಯವಿದೆ, ಸೀನಿಯರ್ ಬಳಿ ಕೆಲಸ ಹೆಚ್ಚಿದೆ’ ಎಂದು ಅವರು ಆ ಪರೀಕ್ಷೆ ಬಿಟ್ಟರೆ, ಉಳಿದ ಹದಿನಾಲ್ಕು ಚಿಲ್ಲರೆ ತಿಂಗಳಲ್ಲಿ ಮುಂದಿನ ಪರೀಕ್ಷೆ ಬಂದು, ಅದರಲ್ಲಿ ಪಾಸಾಗಿ, ಫಲಿತಾಂಶವೂ ಹೊರಬೀಳಬೇಕು. ಪರೀಕ್ಷೆ ಮತ್ತು ಫಲಿತಾಂಶದ ನಡುವೆಯೇ ತಿಂಗಳುಗಳು ಹೋಗುವುದುಂಟು. ಎರಡು ವರ್ಷ ಎಂಬುದು ಕಾಗದದ ಮೇಲೆ ಉದ್ದವಾಗಿ ಕಂಡರೂ ಅದರಲ್ಲಿ ಸಿಗುವುದು ಎರಡೋ ಮೂರೋ ಅವಕಾಶಗಳು. ಸನ್ನದಿನ ನಂತರ ಬರುವ ಮೊದಲ ಪರೀಕ್ಷೆಯನ್ನೇ ಬರೆಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಗಡುವು ಮೀರಿದರೆ ನೋಂದಣಿ ಅಳಿಸಿಹೋಗುವುದಿಲ್ಲ, ವೃತ್ತಿ ನಡೆಸುವ ಹಕ್ಕು ನಿಲ್ಲುತ್ತದೆ. ಪಾಸಾದ ಮೇಲೆ ಅದು ಮರಳುತ್ತದೆ. ನಡುವಿನ ಅವಧಿಯಲ್ಲಿ ನಿಮ್ಮೊಬ್ಬರದೇ ಸಹಿಯ ವಕಾಲತ್ತುಗಳಿದ್ದರೆ ಆ ಕಕ್ಷಿದಾರರ ಪಾಡು ಏನು ಎಂಬುದನ್ನು ಮೊದಲೇ ಯೋಚಿಸಿ, ಸೀನಿಯರ್ ಹೆಸರನ್ನೂ ವಕಾಲತ್ತಿನಲ್ಲಿ ಸೇರಿಸಿರಿ.

ಈ ಪರೀಕ್ಷೆ ಕಡ್ಡಾಯವಲ್ಲ ಎಂದು ಹಿಂದೆ ತೀರ್ಪು ಬಂದಿತ್ತಲ್ಲವೇ?

1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ನೋಂದಣಿಪೂರ್ವ ತರಬೇತಿಯ ನಿಯಮಗಳನ್ನು ಸುಪ್ರೀಂ ಕೋರ್ಟು ರದ್ದು ಮಾಡಿತ್ತು, ಆ ತರ್ಕದ ಮೇಲೆ ಈ ಪರೀಕ್ಷೆಯನ್ನೂ ಪ್ರಶ್ನಿಸಲಾಗಿತ್ತು. 2023ರ ಫೆಬ್ರುವರಿ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಬಾನಿ ಫೊಯ್ ಕಾನೂನು ಕಾಲೇಜು ಪ್ರಕರಣದಲ್ಲಿ, ಪರೀಕ್ಷೆ ನಡೆಸುವ ಅಧಿಕಾರ ಭಾರತೀಯ ವಕೀಲರ ಪರಿಷತ್ತಿಗೆ ಇದೆ, ಅದನ್ನು ನೋಂದಣಿಯ ಮೊದಲು ನಡೆಸಬೇಕೋ ನಂತರವೋ ಎಂಬುದು ಪರಿಷತ್ತಿಗೆ ಬಿಟ್ಟದ್ದು ಎಂದು ತೀರ್ಮಾನಿಸಿತು. ಆ ವಾದ ಅಲ್ಲಿಗೆ ಮುಗಿದಿದೆ. ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆಯಲು ಅವಕಾಶ ಕೊಡಬೇಕೆಂದು 2024ರಲ್ಲಿ ನ್ಯಾಯಾಲಯ ಹೇಳಿದ್ದೂ ಇದೆ. ನೀವು ಆ ಹಂತದಲ್ಲಿದ್ದರೆ ಆಯಾ ಅಧಿಸೂಚನೆಯ ಅರ್ಹತೆಯ ಭಾಗವನ್ನು ಮೊದಲು ಓದಿ.

ಪರೀಕ್ಷೆ ಹೇಗಿರುತ್ತದೆ? ಕನ್ನಡದಲ್ಲಿ ಬರೆಯಬಹುದೇ?

100 ಬಹು ಆಯ್ಕೆ ಪ್ರಶ್ನೆಗಳು, ಮೂರೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಪಾಸಾಗಲು ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ ಶೇ. 45, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40. ಎಷ್ಟು ಸಲ ಬೇಕಾದರೂ ಬರೆಯಬಹುದು. ಅರ್ಜಿ allindiabarexamination.com ತಾಣದಲ್ಲಿ. ಕನ್ನಡದಲ್ಲೂ ಬರೆಯಲು ಅವಕಾಶ ಕೊಡುತ್ತ ಬಂದಿದ್ದಾರೆ, ಭಾಷೆಯನ್ನು ಅರ್ಜಿ ತುಂಬುವಾಗಲೇ ಆರಿಸಬೇಕು.

ಕಾಯ್ದೆಗಳ ಮೂಲ ಪಠ್ಯ ಮಾತ್ರ ಇರುವ ಪುಸ್ತಕಗಳನ್ನು ಒಯ್ಯಬಹುದು. ಟಿಪ್ಪಣಿ, ವ್ಯಾಖ್ಯಾನ, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಸಾಲು ಇವಕ್ಕೆ ಅವಕಾಶವಿಲ್ಲ. ಕಾಲೇಜಿನಲ್ಲಿ ಗೀಚಿ ಗೀಚಿ ಓದಿದ ಪ್ರತಿಯನ್ನು ಹಿಡಿದು ಹೋದರೆ ಅದು ಬಾಗಿಲಲ್ಲೇ ಉಳಿಯುತ್ತದೆ. ಸಂವಿಧಾನ, ಸಿವಿಲ್ ಪ್ರಕ್ರಿಯಾ ಸಂಹಿತೆ ಮತ್ತು ಕ್ರಿಮಿನಲ್ ಪ್ರಕ್ರಿಯೆ ಈ ಮೂರರಿಂದಲೇ ತಲಾ 10 ಪ್ರಶ್ನೆಗಳು ಬರುವ ಪಠ್ಯಕ್ರಮ ಇದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳು ಜಾರಿಯಲ್ಲಿರುವುದರಿಂದ ಅವುಗಳ ಹೊಸ ಪ್ರತಿ ಕೊಳ್ಳಿ. ಪುಸ್ತಕ ತೆರೆದು ಬರೆಯುವ ಪರೀಕ್ಷೆ ಎಂದು ನಂಬಿ ಓದದೆ ಹೋದವರೇ ಹೆಚ್ಚು ಫೇಲಾಗುತ್ತಾರೆ. ಒಂದು ಪ್ರಶ್ನೆಗೆ ಸಿಗುವುದು ಎರಡು ನಿಮಿಷ ಚಿಲ್ಲರೆ. ಯಾವ ಕಾಯ್ದೆಯ ಯಾವ ಅಧ್ಯಾಯದಲ್ಲಿ ಹುಡುಕಬೇಕು ಎಂಬುದು ಗೊತ್ತಿಲ್ಲದವರಿಗೆ ಅಷ್ಟರಲ್ಲಿ ಪರಿವಿಡಿ ತಿರುವುವುದೂ ಆಗುವುದಿಲ್ಲ.

ಪಾಸಾದೆ. ಸಿಒಪಿ ಎಲ್ಲಿ ಸಿಗುತ್ತದೆ?

ಭಾರತೀಯ ವಕೀಲರ ಪರಿಷತ್ತು ಅದನ್ನು ಸಿದ್ಧಪಡಿಸುತ್ತದೆ, ನೀವು ನೋಂದಣಿಯಾದ ರಾಜ್ಯ ಪರಿಷತ್ತಿನ ಮೂಲಕ ನಿಮಗೆ ತಲುಪುತ್ತದೆ. ಪರೀಕ್ಷೆಯ ಅರ್ಜಿಯಲ್ಲಿ ನೋಂದಣಿ ಸಂಖ್ಯೆಯನ್ನು ತಪ್ಪಾಗಿ ಬರೆದಿದ್ದರೆ ಇಲ್ಲಿ ಸಿಕ್ಕಿಬೀಳುತ್ತೀರಿ, ಏಕೆಂದರೆ ಪ್ರಮಾಣಪತ್ರ ಇನ್ನೊಬ್ಬರ ಸಂಖ್ಯೆಯ ಮೇಲೆ ಅಚ್ಚಾಗಿರುತ್ತದೆ. ಸಿಒಪಿ ಬರುವವರೆಗೆ ಫಲಿತಾಂಶದ ಮುದ್ರಿತ ಪ್ರತಿಯನ್ನು ಸನ್ನದಿನ ಜೊತೆಗೇ ಇಟ್ಟುಕೊಳ್ಳಿ.

ಸನ್ನದು ಬಂದಿದೆ. ನಾಳೆ ಮೊದಲ ಬಾರಿ ಹಾಜರಾಗಬೇಕು. ಕೈಯಲ್ಲಿ ಏನಿರಬೇಕು?

ಸಿವಿಲ್ ಪ್ರಕರಣವಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 4ನೇ ನಿಯಮದಂತೆ ಕಕ್ಷಿದಾರರು ಸಹಿ ಮಾಡಿದ ವಕಾಲತ್ತು ಇರಬೇಕು, ಅದನ್ನು ನೀವು ಸ್ವೀಕರಿಸಿ ಸಹಿ ಮಾಡಿ ನೋಂದಣಿ ಸಂಖ್ಯೆ ಬರೆದಿರಬೇಕು. ಕಲ್ಯಾಣ ನಿಧಿಯ ಸ್ಟಾಂಪು ಹಚ್ಚಲು ಮರೆಯಬೇಡಿ. ಶಿರಸ್ತೇದಾರರು ಮೊದಲು ನೋಡುವುದೇ ಅದನ್ನು. ಆ ಕಕ್ಷಿದಾರರಿಗೆ ಈಗಾಗಲೇ ಬೇರೆ ವಕೀಲರಿದ್ದರೆ ಅವರ ಒಪ್ಪಿಗೆ ಪಡೆಯದೆ ಹೊಸ ವಕಾಲತ್ತು ಹಾಕಬಾರದು. ಸೀನಿಯರ್ ವಕಾಲತ್ತಿನಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ ಅವರ ಪರವಾಗಿ ನಿಂತಿರುವುದಾಗಿ ನ್ಯಾಯಾಲಯಕ್ಕೆ ಹೇಳಿ, ಮುಂದಿನ ತಾರೀಕಿನೊಳಗೆ ಹೆಸರು ಸೇರಿಸಿಕೊಳ್ಳಿ. ಇ-ಫೈಲಿಂಗ್ ಖಾತೆಯನ್ನು ಸನ್ನದು ಬಂದ ವಾರದಲ್ಲೇ ತೆರೆಯಿರಿ, ದಾವೆಗೆ ಕಾಲಮಿತಿ ಮುಗಿಯುವ ಸಂಜೆ ಅಲ್ಲ.

ಉಡುಪಿನಲ್ಲಿ ಕರಿ ಕೋಟು ಮತ್ತು ಬಿಳಿ ಬ್ಯಾಂಡು. ಗೌನು ಹೈಕೋರ್ಟು ಮತ್ತು ಸುಪ್ರೀಂ ಕೋರ್ಟಿನಲ್ಲಿ ಕಡ್ಡಾಯ, ಉಳಿದೆಡೆ ನಿಮ್ಮಿಷ್ಟ. ಜಿಲ್ಲಾ, ಸೆಷನ್ಸ್ ಮತ್ತು ನಗರ ಸಿವಿಲ್ ಕೋರ್ಟುಗಳಿಗಿಂತ ಕೆಳಗಿನ ನ್ಯಾಯಾಲಯಗಳಲ್ಲಿ ಬ್ಯಾಂಡಿನ ಬದಲು ಕರಿ ಟೈ ಕಟ್ಟಬಹುದು. ಬ್ಯಾಂಡು ಎರಡು ಜೊತೆ ಇರಲಿ; ಒಂದನ್ನು ಮನೆಯಲ್ಲಿ ಮರೆತು ಬರುವುದು ಖಂಡಿತ.

ಕರ್ನಾಟಕದಲ್ಲಿ ಸನ್ನದು ಪಡೆದು ಮುಂಬೈಯಲ್ಲೋ ಕಾಸರಗೋಡಿನಲ್ಲೋ ವೃತ್ತಿ ನಡೆಸಬಹುದೇ?

30ನೇ ಕಲಮು 2011ರ ಜೂನ್ 15ರಿಂದ ಜಾರಿಯಲ್ಲಿದೆ. ಅದರಂತೆ ಯಾವ ರಾಜ್ಯದ ಪಟ್ಟಿಯಲ್ಲಿದ್ದರೂ ದೇಶದ ಎಲ್ಲಾ ನ್ಯಾಯಾಲಯಗಳಲ್ಲಿ ವೃತ್ತಿ ನಡೆಸುವ ಹಕ್ಕಿದೆ. ಆದರೆ 25ನೇ ಕಲಮು ಅರ್ಜಿಯನ್ನು ವೃತ್ತಿ ನಡೆಸಲು ಉದ್ದೇಶಿಸಿರುವ ರಾಜ್ಯದಲ್ಲೇ ಹಾಕಬೇಕೆನ್ನುತ್ತದೆ, ಎರಡು ರಾಜ್ಯಗಳ ಪಟ್ಟಿಯಲ್ಲಿ ಹೆಸರಿರುವಂತೆಯೂ ಇಲ್ಲ. ಮಂಗಳೂರಿನಲ್ಲಿ ಕಾನೂನು ಓದಿ ಕಾಸರಗೋಡಿನಲ್ಲೇ ಕಚೇರಿ ಮಾಡುವ ಕನ್ನಡಿಗರು ಕೇರಳದ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು, ಮಂಗಳೂರಿನ ಪ್ರಕರಣಗಳಿಗೆ ಅದೇ ಸನ್ನದಿನ ಮೇಲೆ ಬಂದು ಹೋಗಬಹುದು. ಮುಂದೆ ನೆಲೆಯನ್ನೇ ಬದಲಿಸುವುದಾದರೆ 18ನೇ ಕಲಮಿನಡಿ ಭಾರತೀಯ ವಕೀಲರ ಪರಿಷತ್ತಿಗೆ ಅರ್ಜಿ ಕೊಟ್ಟು ಹೆಸರನ್ನು ವರ್ಗಾಯಿಸಿಕೊಳ್ಳಬೇಕು. ಈ ವರ್ಗಾವಣೆಗೆ ಅಧಿನಿಯಮದಲ್ಲಿ ಶುಲ್ಕವಿಲ್ಲ, ಮೊದಲ ರಾಜ್ಯದಲ್ಲಿ ಗಳಿಸಿದ ಜ್ಯೇಷ್ಠತೆಯೂ ಹಾಗೆಯೇ ಉಳಿಯುತ್ತದೆ. ನಿಮ್ಮ ಮೇಲೆ ಶಿಸ್ತಿನ ಪ್ರಕರಣ ಬಾಕಿ ಇದ್ದರೆ ಅಥವಾ ಅರ್ಜಿ ಪ್ರಾಮಾಣಿಕವಲ್ಲ ಎಂದು ಪರಿಷತ್ತಿಗೆ ಕಂಡರೆ ಅದನ್ನು ತಿರಸ್ಕರಿಸಬಹುದು.